ಒಂದು ರೂಮು, ಮೂವರು, ಅರ್ಧ ಹಾಳೆಯ ಒಪ್ಪಂದ

ಪ್ರಶ್ನೆ: ಮೇಡಂ, ಹಾಸ್ಟೆಲ್‌ನಲ್ಲಿ ನಾವು ಮೂವರು ಒಂದೇ ರೂಮಿನಲ್ಲಿ ಇದ್ದೇವೆ. ರೂಮು ಗುಡಿಸೋದು ಯಾವಾಗಲೂ ನಾನೇ. ಒಬ್ಬಳು ರಾತ್ರಿ ಹನ್ನೊಂದೂವರೆ ಆದರೂ ಫೋನಿನಲ್ಲಿ ಮಾತಾಡ್ತಾನೇ ಇರ್ತಾಳೆ. ಇನ್ನೊಬ್ಬಳು ಎಲ್ಲರಿಗೂ ಸೇರಿದ ಖರ್ಚಿನ ದುಡ್ಡು ಕೇಳಿದರೆ ನಾಳೆ, ನಾಳಿದ್ದು ಅಂತಾಳೆ. ಹೇಳಿದರೆ ಜಗಳ, ಹೇಳದಿದ್ದರೆ ನನಗೆ ಒಳಗೊಳಗೇ ಕುದಿ. ವಾರ್ಡನ್‌ಗೆ ಹೇಳಲಾ, ರೂಮು ಬದಲಾಯಿಸಲಾ? ನಿಯಮ ಮಾಡಿಕೊಳ್ಳೋಣ ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ವಾರ್ಡನ್ ಹತ್ತಿರ ಹೋಗುವ ಮೊದಲು ಮೂವರೂ ಒಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡಿ. ಆ ಮಾತಿನ ಕೊನೆಗೆ ಅರ್ಧ ಹಾಳೆಯಷ್ಟು ನಿಯಮ ಬರೆದಿಡಿ. ಎರಡು ವಾರ ಅದರಂತೆ ನಡೆದು ನೋಡಿ, ಮತ್ತೆ ಕೂತು ತಿದ್ದಿ. ಕ್ರಮ ಇಷ್ಟೇ. ಆದರೆ ಯಾವಾಗ ಕೂರುತ್ತೀರಿ, ಯಾವ ವಿಷಯ ಮೊದಲು ಎತ್ತುತ್ತೀರಿ, ನಿಯಮವನ್ನು ಹೇಗೆ ಬರೆಯುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಹಾಸ್ಟೆಲ್ ಹುಡುಗಿಯರ ಜಗಳ ಬಿಡಿಸುವುದು ನನ್ನ ಕೆಲಸದ ದೊಡ್ಡ ಭಾಗ. ಹೆಚ್ಚಿನ ರೂಮುಗಳಲ್ಲಿ ಒಪ್ಪಂದ ಮುರಿದುಬೀಳುವುದು ಈ ಮೂರು ಕಡೆಯಲ್ಲೇ.

ಮೊದಲು ಒಂದು ಕಹಿ ಮಾತು ಹೇಳಿಬಿಡುತ್ತೇನೆ. "ಯಾವಾಗಲೂ ನಾನೇ" ಅಂತ ಬರೆದಿದ್ದೀರಿ. ನೀವು ಸುಳ್ಳು ಹೇಳುತ್ತಿಲ್ಲ. ಆದರೆ ಉಳಿದ ಇಬ್ಬರನ್ನು ಕೇಳಿದರೆ ಅವರೂ ಅದನ್ನೇ ಹೇಳುವ ಸಾಧ್ಯತೆ ಜಾಸ್ತಿ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮನೆಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೇಳಿದಾಗ, ಇಬ್ಬರ ಉತ್ತರ ಕೂಡಿಸಿದರೆ ಒಟ್ಟು ನೂರನ್ನು ಮೀರುವುದೇ ಸಾಮಾನ್ಯವಾಗಿತ್ತು. ನಾವು ಮಾಡಿದ ಕೆಲಸ ನಮಗೆ ಚೆನ್ನಾಗಿ ನೆನಪಿರುತ್ತದೆ. ನಾವು ಇಲ್ಲದಾಗ ಬೇರೆಯವರು ಮಾಡಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ಇದನ್ನು ನಿಮ್ಮ ರೂಮಿನಲ್ಲೇ ಮಾಡಿ ನೋಡಬಹುದು. ರೂಮಿನ ಕೆಲಸದಲ್ಲಿ ನನ್ನ ಪಾಲು ಶೇಕಡಾ ಎಷ್ಟು ಅಂತ ಮೂವರೂ ಚೀಟಿಯಲ್ಲಿ ಬರೆಯಿರಿ, ಆಮೇಲೆ ಒಟ್ಟಿಗೆ ತೆರೆಯಿರಿ. ನಾನು ಕೂರಿಸಿದ್ದ ಒಂದು ರೂಮಿನಲ್ಲಿ 70, 40, 35 ಬಂತು. ಕೂಡಿಸಿದರೆ 145. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಲ್ಲಿಂದ ಮಾತು ಸಲೀಸಾಯಿತು.

ಗಲೀಜಿನ ಜಗಳಕ್ಕೆ ಇನ್ನೊಂದು ಕಾರಣವೂ ಇದೆ. ಕಸ ಎಷ್ಟಾದಾಗ ಅದು ಕಸ ಅಂತ ಅನಿಸುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ನಿಮಗೆ ನೆಲದ ಮೇಲೆ ನಾಲ್ಕು ಕೂದಲು ಕಂಡರೆ ಸಾಕು, ಕೈ ಪೊರಕೆಗೆ ಹೋಗುತ್ತದೆ. ಇನ್ನೊಬ್ಬಳಿಗೆ ಕಾಲಿಗೆ ಮಣ್ಣು ತಾಗುವವರೆಗೂ ಏನೂ ಅನಿಸುವುದಿಲ್ಲ. ನೀವು ಮೊದಲೇ ಗುಡಿಸಿಬಿಡುವುದರಿಂದ ಅವಳಿಗೆ ಗಲೀಜು ಅನಿಸುವ ಹಂತಕ್ಕೆ ರೂಮು ಹೋಗುವುದೇ ಇಲ್ಲ. ಒಂದು ತಿಂಗಳು ಹೀಗೇ ನಡೆದರೆ ಗುಡಿಸುವುದು ನಿಮ್ಮ ಕೆಲಸ ಅಂತ ಯಾರೂ ಹೇಳದೆಯೇ ತೀರ್ಮಾನವಾಗಿಬಿಡುತ್ತದೆ. ಅವಳು ಸೋಮಾರಿಯಾಗಿರಬಹುದು, ಇಲ್ಲದಿರಬಹುದು. ಆ ಚರ್ಚೆಗೆ ಇಳಿದರೆ ನೀವು ಗೆಲ್ಲುವುದಿಲ್ಲ. ಅದಕ್ಕೇ ಯಾರ ಸ್ವಭಾವದ ಮೇಲೂ ನಿಯಮ ಬರೆಯಬೇಡಿ, ಕಣ್ಣಿಗೆ ಕಾಣುವ ಕೆಲಸದ ಮೇಲೆ ಬರೆಯಿರಿ. "ರೂಮು ನೀಟಾಗಿರಬೇಕು" ಅನ್ನುವುದು ನಿಯಮವೇ ಅಲ್ಲ. "ರಾತ್ರಿ ಒಂಬತ್ತಕ್ಕೆ ಕಸದ ಬುಟ್ಟಿ ಖಾಲಿ ಇರಬೇಕು" ಅನ್ನುವುದು ನಿಯಮ. ಬುಟ್ಟಿ ಖಾಲಿ ಇದೆಯೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಿ ಹೇಳಬಹುದು, ಅದರಲ್ಲಿ ವಾದಕ್ಕೆ ಏನೂ ಇಲ್ಲ.

ಈಗ ಕೂರುವ ವಿಷಯ. ಜಗಳವಾದ ದಿನ ಬೇಡ, ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ, ಪರೀಕ್ಷೆಯ ಹಿಂದಿನ ದಿನವಂತೂ ಬೇಡವೇ ಬೇಡ. ಹೊಟ್ಟೆ ತುಂಬಿರುವ, ಎಲ್ಲರಿಗೂ ಬಿಡುವಿರುವ ರಜೆಯ ಮಧ್ಯಾಹ್ನ ಒಳ್ಳೆಯದು. ಕರೆಯುವುದು ಬಾಯಿಮಾತಿನಲ್ಲೇ ಇರಲಿ, ಮೆಸೇಜಿನಲ್ಲಿ ಬೇಡ. ಮೆಸೇಜಿನಲ್ಲಿ ಎಷ್ಟೇ ಮೆತ್ತಗೆ ಬರೆದರೂ ಓದುವವರಿಗೆ ಅದು ದೂರಿನ ಹಾಗೆ ಕಾಣುತ್ತದೆ. ಇಬ್ಬರಿಗೂ ಒಟ್ಟಿಗೇ ಹೇಳಿ: "ನನಗೂ ಕಿರಿಕಿರಿ ಆಗ್ತಿದೆ, ನನ್ನಿಂದ ನಿಮಗೂ ಆಗ್ತಿರಬಹುದು. ಭಾನುವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಕೂತು ಮೂರು ವಿಷಯ ಬರೆದುಕೊಳ್ಳೋಣ್ವಾ?" ಮೊದಲು ಒಬ್ಬಳ ಹತ್ತಿರ ಗುಟ್ಟಾಗಿ ಮಾತಾಡಿ, ಅವಳನ್ನು ನಿಮ್ಮ ಕಡೆ ಮಾಡಿಕೊಂಡು, ಆಮೇಲೆ ಮೂರನೆಯವಳನ್ನು ಕರೆಯಬೇಡಿ. ಮೂವರ ರೂಮಿನಲ್ಲಿ ಇದರಷ್ಟು ಕೆಟ್ಟ ಆರಂಭ ಇನ್ನೊಂದಿಲ್ಲ. ಇಬ್ಬರು ಸೇರಿ ತನ್ನೊಬ್ಬಳ ಮೇಲೆ ಬಿದ್ದಿದ್ದಾರೆ ಅಂತ ಅವಳಿಗೆ ಅನಿಸಿದರೆ, ನೀವು ಹೇಳಿದ ನ್ಯಾಯದ ಮಾತೂ ಅವಳ ಕಿವಿಗೆ ಬೀಳುವುದಿಲ್ಲ.

ಕೂತ ಮೇಲೆ ಮೊದಲ ಐದು ನಿಮಿಷ ಯಾರೂ ಮಾತಾಡಬಾರದು, ಬರೆಯಬೇಕು. ನಾನು ಎಷ್ಟು ಹೊತ್ತಿಗೆ ಮಲಗುತ್ತೇನೆ, ಏಳುತ್ತೇನೆ, ಓದುತ್ತೇನೆ ಅನ್ನುವುದು ಮೊದಲ ಸಾಲು. ಈ ರೂಮಿನಲ್ಲಿ ನನಗೆ ತುಂಬಾ ಕಷ್ಟವಾಗುತ್ತಿರುವ ಒಂದೇ ಒಂದು ವಿಷಯ ಎರಡನೆಯ ಸಾಲು. ನನ್ನಿಂದ ಬೇರೆಯವರಿಗೆ ಏನು ತೊಂದರೆ ಆಗುತ್ತಿರಬಹುದು ಅನ್ನುವುದು ಮೂರನೆಯದು. ಆಮೇಲೆ ಒಬ್ಬೊಬ್ಬರಾಗಿ ಓದಿ. ಒಬ್ಬರು ಓದುವಾಗ ಉಳಿದವರು ನಡುವೆ ಬಾಯಿ ಹಾಕಬಾರದು. ಆ ಮೂರನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಅದು ಇಲ್ಲದಿದ್ದರೆ ಹಾಳೆ ಬರೀ ದೂರಿನ ಪಟ್ಟಿಯಾಗುತ್ತದೆ.

ನಾನು ಹೇಳಿದ 145ರ ರೂಮನ್ನೇ ತೆಗೆದುಕೊಳ್ಳೋಣ. ಹೆಸರು ಬೇಡ, ಮಂಚದ ಜಾಗ ನೋಡಿ ಕಿಟಕಿಯವಳು, ನಡುವಿನವಳು, ಬಾಗಿಲಿನವಳು ಅನ್ನೋಣ. ಅಲ್ಲಿಯೂ ನಿಮ್ಮ ಹಾಗೆಯೇ ಮೂರು ಜಗಳ ಇದ್ದವು. ಕಿಟಕಿಯವಳು ಹತ್ತೂವರೆಗೆ ಮಲಗಿ ಐದಕ್ಕೆ ಏಳುವವಳು. ಬಾಗಿಲಿನವಳು ರಾತ್ರಿ ಹನ್ನೊಂದರ ಮೇಲೆ ಫೋನು ಹಿಡಿಯುತ್ತಿದ್ದಳು. ನಡುವಿನವಳು ಒಂದು ಗಂಟೆವರೆಗೆ ದೀಪ ಹಾಕಿಕೊಂಡು ಓದುತ್ತಿದ್ದಳು.

ನಾನು ಸದ್ದಿನ ವಿಷಯವನ್ನೇ ಮೊದಲು ಎತ್ತಿಸುತ್ತೇನೆ. ಅದಕ್ಕೆ ಎರಡು ಕಾರಣ. ನಿದ್ದೆ ಕೆಟ್ಟವರ ಹತ್ತಿರ ಬೇರೆ ಯಾವ ವಿಷಯವೂ ಸರಿಯಾಗಿ ಮಾತಾಡಲು ಆಗುವುದಿಲ್ಲ. ಜೊತೆಗೆ, ಸದ್ದಿನಲ್ಲಿ ಸಾಮಾನ್ಯವಾಗಿ ಎಲ್ಲರದೂ ಸ್ವಲ್ಪ ಸ್ವಲ್ಪ ತಪ್ಪಿರುತ್ತದೆ, ಹಾಗಾಗಿ ಒಬ್ಬಳ ಮೇಲೇ ಬೊಟ್ಟು ಮಾಡಿದ ಹಾಗೆ ಆಗುವುದಿಲ್ಲ. ಆ ದಿನ ಕಿಟಕಿಯವಳು ಫೋನಿನ ಬಗ್ಗೆ ಓದಿ ಮುಗಿಸಿದಳು. ಬಾಗಿಲಿನವಳ ಸರದಿ ಬಂದಾಗ ಅವಳ ಎರಡನೆಯ ಸಾಲಿನಲ್ಲಿ ಇದ್ದದ್ದು ಕಿಟಕಿಯವಳ ಅಲಾರಂ. ಐದಕ್ಕೆ ಒಂದು ಸಲ ಹೊಡೆಯುತ್ತಿತ್ತು. ಅವಳು ಅದನ್ನು ಆರಿಸಿ ಮಲಗಿದರೆ ಹತ್ತು ನಿಮಿಷಕ್ಕೆ ಮತ್ತೆ ಹೊಡೆಯುತ್ತಿತ್ತು, ಆಮೇಲೆ ಇನ್ನೊಮ್ಮೆ. ಅವಳು ಏಳುವಷ್ಟರಲ್ಲಿ ಉಳಿದಿಬ್ಬರಿಗೂ ಪೂರ್ತಿ ಎಚ್ಚರ. ಇದು ಇನ್ನೊಬ್ಬರಿಗೆ ತೊಂದರೆ ಅಂತ ಕಿಟಕಿಯವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಫೋನಿನ ಹಿಂದೆಯೂ ಒಂದು ಕಾರಣವಿತ್ತು. ಬಾಗಿಲಿನವಳ ಅಮ್ಮನ ಕೆಲಸ ಮುಗಿಯುವುದೇ ಹನ್ನೊಂದಕ್ಕೆ. ದಿನದಲ್ಲಿ ಅಮ್ಮನ ಜೊತೆ ಮಾತಾಡಲು ಅವಳಿಗೆ ಸಿಗುತ್ತಿದ್ದ ಹೊತ್ತು ಅದೊಂದೇ. "ರಾತ್ರಿ ಫೋನು ಬಂದ್" ಅಂದಿದ್ದರೆ ಅವಳು ತಲೆಯಾಡಿಸಿ ಮಾರನೆಯ ದಿನವೇ ಮುರಿಯುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಆ ಹೊತ್ತು, ಕಿಟಕಿಯವಳಿಗೆ ಬೇಕಿದ್ದದ್ದು ರೂಮಿನೊಳಗಿನ ಮೌನ. ಎರಡಕ್ಕೂ ದಾರಿ ಇದೆ. ಹನ್ನೊಂದರ ಮೇಲೆ ಕರೆ ಬಂದರೆ ಹೊರಗೆ ಕಾರಿಡಾರಿನ ತುದಿಗೆ ಹೋಗಿ ಮಾತಾಡುವುದು. ನೀವೂ ಮೊದಲು "ಯಾಕೆ ಆ ಹೊತ್ತಿಗೇ?" ಅಂತ ಕೇಳಿ. ಅದರ ಉತ್ತರ ಗೊತ್ತಾದ ಮೇಲೆ ನಿಯಮ ಬರೆಯಿರಿ.

"ಮೆಲ್ಲಗೆ ಮಾತಾಡ್ತೀನಿ ಬಿಡೇ" ಅನ್ನುವ ರಾಜಿಗೆ ಮಾತ್ರ ಒಪ್ಪಬೇಡಿ. ಐದು ನಿಮಿಷ ಮೆಲ್ಲಗೆ ಇರುತ್ತದೆ, ಆಮೇಲೆ ತನಗೇ ಗೊತ್ತಿಲ್ಲದೆ ದನಿ ಏರುತ್ತದೆ. ಇನ್ನೊಂದು ವಿಷಯ, ಪಕ್ಕದಲ್ಲಿ ಇಬ್ಬರು ಹರಟುವುದಕ್ಕಿಂತ ಒಬ್ಬರು ಫೋನಿನಲ್ಲಿ ಮಾತಾಡುವುದೇ ಹೆಚ್ಚು ಗಮನ ಕೆಡಿಸುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದು ಕಡೆಯ ಮಾತು ಮಾತ್ರ ಕೇಳಿಸಿದಾಗ ಮುಂದೆ ಏನು ಬರುತ್ತದೆ ಅಂತ ನಮಗೆ ಊಹಿಸಲು ಆಗುವುದಿಲ್ಲ, ಅದಕ್ಕೇ ಕಿವಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಸದ್ದಿನ ನಿಯಮವನ್ನು ದನಿಯ ಲೆಕ್ಕದಲ್ಲಿ ಬರೆಯಬೇಡಿ. ಹೊತ್ತು ಮತ್ತು ಜಾಗದ ಲೆಕ್ಕದಲ್ಲಿ ಬರೆಯಿರಿ. ಇಷ್ಟರಿಂದ ಇಷ್ಟರವರೆಗೆ ರೂಮಿನೊಳಗೆ ಬಾಯಿಬಿಟ್ಟು ಮಾತಿಲ್ಲ, ಅಷ್ಟೇ. ಹೊರಗೆ ಹೋಗುವುದು ಆ ಹೊತ್ತಿನಲ್ಲಿ ಕ್ಷೇಮವಲ್ಲ, ಅಥವಾ ಹಾಸ್ಟೆಲಿನವರು ಬಿಡುವುದಿಲ್ಲ ಅಂದರೆ, ಕರೆಗೆ ಹದಿನೈದು ನಿಮಿಷದ ಮಿತಿ ಹಾಕಿ, ಮಲಗುವವಳ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬೇಕಾಗುತ್ತದೆ.

ಶುಚಿಯ ವಿಷಯಕ್ಕೆ ಬಂದಾಗ ಮೊದಲು ಗಡಿ ಹಾಕಿಕೊಳ್ಳಿ. ಅವರವರ ಮಂಚ, ಮೇಜು, ಕಪಾಟು ಅವರವರದ್ದು. ವಾಸನೆ ಬರುವವರೆಗೆ, ಇರುವೆ ಜಿರಲೆ ಬರುವವರೆಗೆ ಅದರ ಬಗ್ಗೆ ಇನ್ನೊಬ್ಬರು ಚಕಾರ ಎತ್ತುವ ಹಾಗಿಲ್ಲ. ನೆಲ, ಕಸದ ಬುಟ್ಟಿ, ಬಾತ್‌ರೂಮು ಇವು ಮೂವರದ್ದು. ಈ ಮೂರಕ್ಕೂ ಕೆಲಸ "ಮುಗಿಯಿತು" ಅಂದರೆ ಏನು ಅಂತ ಒಂದೊಂದು ಸಾಲು ಬರೆಯಿರಿ. ಆ ರೂಮಿನಲ್ಲಿ ಗುಡಿಸುವುದು ಅಂದರೆ ಮಂಚದ ಕೆಳಗೂ ಸೇರಿಸಿ ಗುಡಿಸಿ, ಕಸ ಎತ್ತಿ ಬುಟ್ಟಿಗೆ ಹಾಕುವುದು ಅಂತ ಬರೆದರು. ಅದಕ್ಕೂ ಮೊದಲು ನಡುವಿನವಳು ಗುಡಿಸಿ ಕಸವನ್ನು ಬಾಗಿಲ ಹಿಂದೆ ಗುಡ್ಡೆ ಹಾಕಿ ಬಿಡುತ್ತಿದ್ದಳು. ಅವಳ ಲೆಕ್ಕದಲ್ಲಿ ಗುಡಿಸಿ ಆಗಿತ್ತು, ಕಿಟಕಿಯವಳ ಲೆಕ್ಕದಲ್ಲಿ ಆಗಿರಲಿಲ್ಲ.

ಪಾಳಿಯನ್ನು ದಿನಕ್ಕೊಬ್ಬರಂತೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕೇಳಲು ನ್ಯಾಯ ಅನಿಸುತ್ತದೆ, ಆದರೆ ಒಬ್ಬಳು ಒಂದು ದಿನ ತಪ್ಪಿಸಿದರೆ ಮಾರನೆಯ ದಿನದ ಪಾಳಿ ಯಾರದು, ಉಳಿದ ಕಸ ಯಾರದು ಅಂತ ಹೊಸ ಜಗಳ ಶುರುವಾಗುತ್ತದೆ. ಒಬ್ಬೊಬ್ಬರು ಒಂದೊಂದು ಕೆಲಸವನ್ನು ಎರಡು ವಾರ ಹಿಡಿದುಕೊಳ್ಳಿ, ಆಮೇಲೆ ಅದಲು ಬದಲು ಮಾಡಿ. ಆಗ ಕೆಲಸ ಆಗಿಲ್ಲ ಅಂದರೆ ಯಾರದು ಅಂತ ಕೇಳಬೇಕಾಗಿಯೇ ಇಲ್ಲ. ನಿಮಿಷದ ಲೆಕ್ಕ ಹಾಕಿದರೆ ಮೂರೂ ಕೆಲಸ ಹೆಚ್ಚುಕಮ್ಮಿ ಸರಿಹೋಗುತ್ತವೆ: ವಾರಕ್ಕೆ ಮೂರು ಸಲ ಗುಡಿಸಿ ಒರೆಸಲು ಹತ್ತು ಹತ್ತು ನಿಮಿಷ, ದಿನಾ ಬುಟ್ಟಿ ಖಾಲಿ ಮಾಡಲು ಮೂರು ಮೂರು ನಿಮಿಷ, ವಾರಕ್ಕೊಮ್ಮೆ ಬಾತ್‌ರೂಮು ಉಜ್ಜಲು ಇಪ್ಪತ್ತೈದು ನಿಮಿಷ. ಬುಟ್ಟಿಯ ಕೆಲಸ ಸ್ವಲ್ಪ ಹಗುರ ಅನಿಸಬಹುದು, ಆದರೆ ದಿನಾ ನೆನಪಿಟ್ಟುಕೊಳ್ಳಬೇಕಾದದ್ದು ಅದೊಂದೇ.

ಇಲ್ಲಿ ನಿಮಗೊಂದು ಕಷ್ಟದ ಕೆಲಸ ಇದೆ. ನಿಮ್ಮ ಪಾಲಿಗೆ ಬರದ ಕೆಲಸಕ್ಕೆ ಆ ಎರಡು ವಾರ ಕೈ ಹಾಕಬೇಡಿ. ಬುಟ್ಟಿ ತುಂಬಿ ತುಳುಕಿದರೂ ನೀವು ಎತ್ತಬೇಡಿ, "ಇವತ್ತು ಬುಟ್ಟಿ ಉಳಿದಿದೆ" ಅಂತ ಒಂದೇ ಸಲ ನೆನಪಿಸಿ. ಸುಮ್ನೆ ಮಾಡಿಬಿಟ್ಟು, ಆಮೇಲೆ ಮುಖ ಊದಿಸಿಕೊಂಡು ಕೂತರೆ ಹಳೆಯ ಕಥೆಯೇ ಮತ್ತೆ ಶುರು.

ಹಣದ ವಿಷಯವನ್ನು ಕೊನೆಗೆ ಇಡಿ. ಅದರಲ್ಲೂ ಹಳೆಯ ಬಾಕಿ ಬೇರೆ, ಹೊಸ ನಿಯಮ ಬೇರೆ. ಎರಡನ್ನೂ ಒಂದೇ ಸಲ ಎತ್ತಿದರೆ ಬಾಕಿ ಇರುವವಳು ನಿಯಮವನ್ನೇ ವಿರೋಧಿಸುತ್ತಾಳೆ. ಹಳೆಯ ಬಾಕಿಯ ಲೆಕ್ಕವನ್ನು ಇನ್ನೊಂದು ಚೀಟಿಯಲ್ಲಿ ಬರೆದು, ಅವಳೊಬ್ಬಳ ಹತ್ತಿರವೇ ಮಾತಾಡಿ, ಕಂತಿನಲ್ಲಿ ತೀರಿಸುವ ದಿನ ಗೊತ್ತುಮಾಡಿಕೊಳ್ಳಿ.

ಮುಂದಿನದಕ್ಕೆ ಮೊದಲು ಯಾವುದು ಹಂಚಿಕೊಳ್ಳುವ ಖರ್ಚು ಅಂತ ಪಟ್ಟಿ ಮಾಡಿ. ಫಿನಾಯಿಲು, ಪೊರಕೆ, ಬಾತ್‌ರೂಮಿನ ಬ್ರಶ್ಶು, ಬಲ್ಬು ಇಂಥವು ಮೂವರಿಗೂ ಸಮ. ಒಬ್ಬಳು ಬಳಸದ ವಸ್ತುವಿಗೆ ಅವಳಿಂದ ಪಾಲು ಕೇಳಬೇಡಿ. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳುವ ಮೊದಲು ಉಳಿದಿಬ್ಬರು ಹೂಂ ಅನ್ನಬೇಕು, ಇಲ್ಲದಿದ್ದರೆ ಆ ಖರ್ಚು ಕೊಂಡವಳದೇ. ಬಾಳಿಕೆ ಬರುವ ವಸ್ತುವನ್ನು, ಇಸ್ತ್ರಿ ಪೆಟ್ಟಿಗೆಯಂಥದ್ದನ್ನು, ಮೂವರೂ ಸೇರಿ ಕೊಳ್ಳಬೇಡಿ. ಯಾರಾದರೂ ರೂಮು ಬಿಡುವ ದಿನ ಅದನ್ನು ಮೂರು ಪಾಲು ಮಾಡಲು ಆಗುವುದಿಲ್ಲ. ಒಬ್ಬಳು ಕೊಳ್ಳಲಿ, ಅವಳದೇ ಆಗಿರಲಿ.

ತಿಂಗಳ ಕೊನೆಗೆ ಲೆಕ್ಕ ತೀರಿಸುವುದಾದರೆ ವಸ್ತು ವಸ್ತುವಿಗೂ ಹಣ ಕೇಳುತ್ತಾ ತಿರುಗಬೇಡಿ, ಒಟ್ಟು ಮಾಡಿ. ಆ ರೂಮಿನಲ್ಲಿ ಒಂದು ತಿಂಗಳು ಕಿಟಕಿಯವಳು 600 ಖರ್ಚು ಮಾಡಿದ್ದಳು, ನಡುವಿನವಳು 150, ಬಾಗಿಲಿನವಳು ಏನೂ ಇಲ್ಲ. ಒಟ್ಟು 750, ಒಬ್ಬೊಬ್ಬರ ಪಾಲು 250. ನಡುವಿನವಳು ಇನ್ನು 100 ಕೊಡಬೇಕು, ಬಾಗಿಲಿನವಳು 250 ಕೊಡಬೇಕು, ಎರಡೂ ಕಿಟಕಿಯವಳಿಗೆ. ಎರಡೇ ಸಲ ಹಣ ಕೈ ಬದಲಾದರೆ ಮುಗಿಯಿತು. ಆದರೆ ಕೊಡುವವಳು ತಡ ಮಾಡುತ್ತಾಳೆ ಅನ್ನುವುದೇ ನಿಮ್ಮ ಕಷ್ಟವಾದ್ದರಿಂದ, ಮೊದಲೇ ಹಣ ಹಾಕಿ ಒಂದು ಡಬ್ಬಿಯಲ್ಲಿ ಇಡುವ ಪದ್ಧತಿ ನಿಮಗೆ ಸರಿ ಅಂತ ನನ್ನ ಅಭಿಪ್ರಾಯ. ಮೂವರೂ ತಿಂಗಳ ಮೊದಲ ವಾರ ಸಮನಾಗಿ ಹಾಕಿ. ಪಟ್ಟಿಯ ವಸ್ತುಗಳಿಗೆ ಅದರಿಂದಲೇ ಖರ್ಚು ಮಾಡಿ, ಬಿಲ್ಲನ್ನು ಡಬ್ಬಿಗೆ ಹಾಕಿ. ಡಬ್ಬಿ ಖಾಲಿಯಾದರೆ ಮೂವರೂ ಮತ್ತೆ ಹಾಕುವವರೆಗೆ ಖರೀದಿ ಇಲ್ಲ. ಆಗ ಯಾರೂ ಯಾರ ಹಿಂದೆಯೂ ಬಿದ್ದು ಕೇಳಬೇಕಾಗಿಲ್ಲ.

ಒಂದು ಸೂಕ್ಷ್ಮ ಇದೆ. "ನಾಳೆ ಕೊಡ್ತೀನಿ" ಅನ್ನುವವಳ ಹತ್ತಿರ ನಿಜವಾಗಿಯೂ ಹಣ ಇಲ್ಲದಿರಬಹುದು, ಹೇಳಿಕೊಳ್ಳಲು ನಾಚಿಕೆ ಇರಬಹುದು. ಅದಕ್ಕೇ ಪಟ್ಟಿ ಮಾಡುವಾಗ "ಇದರಲ್ಲಿ ಯಾವುದು ಇಲ್ಲದಿದ್ದರೂ ನಡೆಯುತ್ತೆ?" ಅಂತ ಎಲ್ಲರನ್ನೂ ಕೇಳಿ. ಪಟ್ಟಿ ಚಿಕ್ಕದಾದರೆ ಅವಳು ತನ್ನ ಕಷ್ಟ ಬಾಯಿಬಿಟ್ಟು ಹೇಳದೆಯೇ ಪಾರಾಗುತ್ತಾಳೆ.

ಆ ರೂಮಿನವರು ಕೊನೆಗೆ ಬರೆದ ಹಾಳೆ ಹೀಗಿತ್ತು:

"ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ರೂಮಿನೊಳಗೆ ಫೋನಿನ ಮಾತಿಲ್ಲ, ಹಾಡು ವಿಡಿಯೊ ಇಯರ್‌ಫೋನಿನಲ್ಲಿ. 11ಕ್ಕೆ ದೊಡ್ಡ ದೀಪ ಆರಿಸುವುದು, ಓದುವವರಿಗೆ ಗೋಡೆ ಕಡೆ ತಿರುಗಿಸಿದ ಟೇಬಲ್ ಲ್ಯಾಂಪು. ಅಲಾರಂ ಒಂದೇ ಸಲ, ದಿಂಬಿನ ಕೆಳಗೆ ವೈಬ್ರೇಶನ್‌ನಲ್ಲಿ. ಶನಿವಾರ ರಾತ್ರಿ 12ರವರೆಗೆ ಸಡಿಲ. ಯಾರಿಗಾದರೂ ಪರೀಕ್ಷೆ ಇದ್ದ ವಾರ 10ರಿಂದಲೇ ಮೌನ. ನೆಲ, ಬುಟ್ಟಿ, ಬಾತ್‌ರೂಮು ಎರಡೆರಡು ವಾರ ಒಬ್ಬೊಬ್ಬರದು. ಬುಟ್ಟಿ ರಾತ್ರಿ 9ಕ್ಕೆ ಖಾಲಿ. ತಪ್ಪಿದರೆ ಮಾರನೆಯ ದಿನ ರಾತ್ರಿಯೊಳಗೆ ಮಾಡುವುದು. ಡಬ್ಬಿಗೆ ತಿಂಗಳ ಮೊದಲ ವಾರ ಮೂವರೂ ಸಮನಾಗಿ. ಹದಿನಾಲ್ಕನೆಯ ದಿನ ಮತ್ತೆ ಕೂರುವುದು."

ಕೆಳಗೆ ತಾರೀಕು, ಮೂವರ ಸಹಿ. ಅದನ್ನು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದರು. ಬಂದವರೆಲ್ಲ ಓದುವ ಹಾಗೆ ಗೋಡೆಗೆ ಹಾಕಿದರೆ ಯಾರಿಗಾದರೂ ಅವಮಾನ ಅನಿಸುತ್ತದೆ. ಶನಿವಾರದ ಸಡಿಲಿಕೆ ಇದೆಯಲ್ಲ, ಅಂಥ ಒಂದಾದರೂ ಇರಲಿ. ಯಾವ ಸಡಿಲಿಕೆಯೂ ಇಲ್ಲದ ನಿಯಮವನ್ನು ಜನ ಕದ್ದು ಮುರಿಯುತ್ತಾರೆ.

ತಪ್ಪಿದವರಿಗೆ ದಂಡ ಹಾಕೋಣ ಅನ್ನುವ ಸಲಹೆ ಆ ರೂಮಿನಲ್ಲೂ ಬಂತು. ನಾನು ಬೇಡ ಅಂದೆ. ಇಸ್ರೇಲಿನ ಮಕ್ಕಳ ಪಾಲನಾ ಕೇಂದ್ರಗಳಲ್ಲಿ, ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ ದಂಡ ಹಾಕಿ ನೋಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ದಂಡ ಶುರುವಾದ ಮೇಲೆ ತಡವಾಗಿ ಬರುವವರು ಜಾಸ್ತಿಯಾದರು. ಮೊದಲು ಇದ್ದ ಸಂಕೋಚ ಹೋಗಿ, ಹಣ ಕೊಟ್ಟರೆ ತಡ ಮಾಡಬಹುದು ಅನ್ನುವ ಭಾವನೆ ಬಂದಿತ್ತು. ರೂಮಿನಲ್ಲೂ ಹಾಗೆಯೇ. ದಂಡ ಕಟ್ಟಿ ಬಾತ್‌ರೂಮು ತೊಳೆಯದೆ ಉಳಿಯುವವಳನ್ನು ನೀವು ಆಮೇಲೆ ಏನೂ ಕೇಳುವ ಹಾಗಿಲ್ಲ.

ನಿಯಮ ಮುರಿದಾಗ ಅದೇ ದಿನ, ಅವಳೊಬ್ಬಳೇ ಇದ್ದಾಗ, ಒಂದೇ ವಾಕ್ಯದಲ್ಲಿ ಹೇಳಿ. ಹಳೆಯದನ್ನೆಲ್ಲ ಅದಕ್ಕೆ ಜೋಡಿಸಬೇಡಿ. ಅದೇ ತಪ್ಪು ಮೂರನೆಯ ಸಲ ಆದರೆ ಹದಿನಾಲ್ಕನೆಯ ದಿನದ ಮಾತಿಗೆ ಇಟ್ಟುಕೊಳ್ಳಿ. ಆ ದಿನ ಹಾಳೆ ಮುಂದಿಟ್ಟುಕೊಂಡು ಹೆಚ್ಚು ಸಲ ಮುರಿದ ನಿಯಮ ಯಾವುದು ಅಂತ ನೋಡಿ. ಹೆಚ್ಚಿನ ಸಲ ನಿಯಮವೇ ರೂಮಿಗೆ ಹೊಂದಿರುವುದಿಲ್ಲ. ಅಲ್ಲಿ ರಾತ್ರಿ ಒಂಬತ್ತರ ಬುಟ್ಟಿ ನಡೆಯಲಿಲ್ಲ, ಯಾಕೆಂದರೆ ಆ ಹೊತ್ತಿಗೆ ನಡುವಿನವಳು ಲೈಬ್ರರಿಯಲ್ಲಿ ಇರುತ್ತಿದ್ದಳು. ಬೆಳಗ್ಗೆ ಕ್ಲಾಸಿಗೆ ಹೊರಡುವಾಗ ಬುಟ್ಟಿ ಕೈಯಲ್ಲಿ ಹಿಡಿದು ಹೋಗುವುದು ಅಂತ ಬದಲಾಯಿಸಿದರು, ಸರಿಹೋಯಿತು. ಎಲ್ಲ ನೆನಪಿಸುವುದು ಒಬ್ಬಳ ಪಾಲಿಗೇ ಬರುತ್ತಿದ್ದರೆ, ಮಾತು ನಿಂತು ಚೀಟಿ ಅಂಟಿಸುವುದು ಶುರುವಾದರೆ, ಪಕ್ಕದ ರೂಮಿನವರಿಗೆ ನಿಮ್ಮ ಜಗಳ ನಿಮಗಿಂತ ಚೆನ್ನಾಗಿ ಗೊತ್ತಿದ್ದರೆ, ಒಪ್ಪಂದ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ.

ಇದೆಲ್ಲ ಅನ್ವಯಿಸದ ಸಂದರ್ಭಗಳೂ ಇವೆ. ಹೊಡೆತ, ಬೆದರಿಕೆ, ಕಳ್ಳತನ, ಕೇಳದೆ ಫೋಟೊ ತೆಗೆಯುವುದು ಇಂಥದ್ದಕ್ಕೆ ಹಾಳೆ ಬೇಡ, ಅವತ್ತೇ ವಾರ್ಡನ್ ಹತ್ತಿರ ಹೋಗಿ. ಹಾಗೆಯೇ ಮೊದಲು ಚೊಕ್ಕಟವಾಗಿದ್ದವಳು ಈಗ ದಿನಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಊಟಕ್ಕೆ ಬರುತ್ತಿಲ್ಲ, ಸ್ನಾನ ಮಾಡುತ್ತಿಲ್ಲ ಅಂದರೆ ಪಾಳಿಯ ಮಾತು ಎತ್ತಬೇಡಿ. ಅವಳಿಗೆ ಹುಷಾರಿಲ್ಲದಿರಬಹುದು. ಹೇಗಿದ್ದೀಯ ಅಂತ ಕೇಳಿ, ಕಾಲೇಜಿನ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಜೊತೆಯಲ್ಲಿ ಕರೆದುಕೊಂಡು ಹೋಗಿ.

ಇಬ್ಬರಲ್ಲಿ ಒಬ್ಬಳು ಕೂರಲು ಒಪ್ಪದಿದ್ದರೆ ಮೂರು ವಿಷಯವನ್ನೂ ಬಿಡಿ, ಒಂದನ್ನೇ ಹಿಡಿಯಿರಿ, ಅದರಲ್ಲಿ ನಿಮ್ಮ ಕಡೆಯಿಂದ ಏನಾದರೂ ಮೊದಲು ಕೊಡಿ. "ನಾಳೆಯಿಂದ ನನ್ನ ಅಲಾರಂ ಒಂದೇ ಸಲ ಹೊಡೆಯುತ್ತೆ. ನೀನು ಹನ್ನೊಂದರ ಮೇಲೆ ಫೋನು ಬಂದರೆ ಹೊರಗೆ ಹೋಗ್ತೀಯಾ? ಒಂದು ವಾರ ನೋಡೋಣ." ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎರಡು ಸಲ ಹಾಳೆ ತಿದ್ದಿದ ಮೇಲೂ ಏನೂ ಬದಲಾಗದಿದ್ದರೆ ವಾರ್ಡನ್‌ಗೆ ಹೇಳಿ, ರೂಮು ಬದಲಾವಣೆಯನ್ನೂ ಕೇಳಿ. ಹೋಗುವಾಗ ಹಾಳೆ ತೆಗೆದುಕೊಂಡು ಹೋಗಿ, ಯಾವ ತಾರೀಕು ಯಾವ ನಿಯಮ ಮುರಿಯಿತು ಅಂತ ನಾಲ್ಕು ಸಾಲು ಬರೆದುಕೊಂಡಿರಿ. ಹೋಗುವ ಹಿಂದಿನ ದಿನ ಅವರಿಬ್ಬರಿಗೂ ಹೇಳಿಬಿಡಿ. ಅವರಿಗೆ ವಿಷಯ ವಾರ್ಡನ್ ಬಾಯಿಂದ ಮೊದಲು ಗೊತ್ತಾಗುವುದು ಬೇಡ. ಹೊಸ ರೂಮು ಸಿಗುವವರೆಗೆ ನೀವು ಅವರ ಜೊತೆಯಲ್ಲೇ ಮಲಗಬೇಕು.